ಕೊಠಡಿ ಡ್ಯೂಟಿ ಗಲಾಟೆ ನಿಂತದ್ದು ಹೀಗೆ

ಪ್ರತಿ ಪರೀಕ್ಷೆ ದಿನವೂ ನಮ್ಮ ಶಾಲೆಯಲ್ಲಿ ಒಂದು ಕೊಠಡಿಗೆ ಮೇಷ್ಟ್ರೇ ಇರುತ್ತಿರಲಿಲ್ಲ. ಕೇಳಿದರೆ "ನನಗೆ ಡ್ಯೂಟಿ ಅಂತ ಯಾರೂ ಹೇಳಿಲ್ಲ" ಎನ್ನುವ ಉತ್ತರ. ಶಿಕ್ಷಕರ ಸಭೆಯ ನಡಾವಳಿ ಪುಸ್ತಕದಲ್ಲಿ ಇದ್ದದ್ದು "ಮೇಲ್ವಿಚಾರಣೆ ಹಂಚಿಕೊಳ್ಳಲು ತೀರ್ಮಾನಿಸಲಾಯಿತು" ಎಂಬ ಒಂದೇ ಸಾಲು.

ವಾಟ್ಸಾಪ್‌ನಲ್ಲಿ ಪಟ್ಟಿ ಹಾಕಿದೆ, ಹಳೆಯ ಮೆಸೇಜುಗಳಡಿ ಹೂತುಹೋಯಿತು. ನೋಟಿಸ್ ಬೋರ್ಡಿಗೂ ಅಂಟಿಸಿದೆ, ಯಾರೂ ಓದಲಿಲ್ಲ.

ಕೊನೆಗೆ ಸಭೆ ಮುಗಿಯುವ ಮುಂಚೆಯೇ ನಡಾವಳಿಯಲ್ಲಿ ಕೋಷ್ಟಕ ಬರೆಯಲು ಶುರು ಮಾಡಿದೆ. ಇಲ್ಲಿ ಕ್ರಮ ಮುಖ್ಯ. ಮೊದಲು ದಿನಾಂಕ ಮತ್ತು ವಿಷಯ. ಆಮೇಲೆ ಆ ವಿಷಯದ ಶಿಕ್ಷಕರ ಹೆಸರು ಹೊಡೆದು ಹಾಕಬೇಕು, ತಮ್ಮ ವಿಷಯದ ದಿನ ಅವರಿಗೆ ಕೊಠಡಿ ಬೇಡ. ನಂತರವೇ ಕೊಠಡಿ ಹಂಚಿಕೆ. ನಮ್ಮಲ್ಲಿ 9 ಜನ, 6 ಕೊಠಡಿ. ವಿಜ್ಞಾನದ ದಿನ ಇಬ್ಬರು ಹೊರಗೆ, ಉಳಿದವರು 7. ಆರು ಜನ ಕೊಠಡಿಗೆ, ಏಳನೆಯವರು ಕಾಯ್ದಿರಿಸಿದ ಮೇಲ್ವಿಚಾರಕರು. ಸಹಿಯನ್ನು ಪುಟದ ಕೊನೆಯಲ್ಲಲ್ಲ, ಅವರವರ ಹೆಸರಿನ ಎದುರಿಗೇ ಹಾಕಿಸಬೇಕು. ಇಬ್ಬರು ಒಟ್ಟಿಗೆ ರಜೆ ಹಾಕಿದರೆ ಮಾತ್ರ ಇದು ಸಾಲದು, ಆಗ ಮುಖ್ಯ ಶಿಕ್ಷಕರೇ ಒಂದು ಕೊಠಡಿಗೆ ಹೋಗಬೇಕು.

ಫಲಿತಾಂಶ ವಿಮರ್ಶೆಗೂ ಅದೇ ಮದ್ದು. "ಹಿಂದುಳಿದ ಮಕ್ಕಳಿಗೆ ವಿಶೇಷ ತರಗತಿ" ಎಂದು ಸುಮ್ನೆ ಬರೆಯುವ ಬದಲು ಯಾವ ಮಗು, ಯಾವ ಪಾಠ, ಯಾರು ಕಲಿಸುತ್ತಾರೆ, ಯಾವ ದಿನದೊಳಗೆ ಎಂದು ಬರೆದೆ. ಮುಂದಿನ ಸಭೆ ಆ ಪುಟ ಓದುವುದರಿಂದಲೇ ಶುರು.