ನುಸಿಗುಳಿಗೆ ನುಂಗಿದ ಮಗುವನ್ನು ಮೂರು ದಿನ ಕಾದ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯನಾಗಿರುವ ನಾನು ನುಸಿಗುಳಿಗೆ ನುಂಗಿದ ಮಗುವನ್ನು ಮೊದಲ ದಿನವೇ ಮನೆಗೆ ಕಳಿಸುವುದಿಲ್ಲ. ನೌಕರಿಯ ಆರಂಭದಲ್ಲಿ ಒಮ್ಮೆ ಆರು ಗಂಟೆ ನೋಡಿ, ಮಗು ಆಡಿಕೊಂಡಿದೆಯೆಂದು ಕಳಿಸಿದ್ದೆ. ಮೂರನೆಯ ದಿನ ಅದು ಬಿಳಿಚಿಕೊಂಡು, ಏದುಸಿರು ಬಿಡುತ್ತ ಮರಳಿ ಬಂತು. ಮಗು ಉಳಿಯಿತು, ಆದರೆ ನನ್ನ ತಪ್ಪು ನನಗೆ ತಿಳಿಯಿತು.

ಆಮೇಲೆ ಬಂದ ಇನ್ನೊಂದು ಮಗುವಿನ ವಿಷಯ ಬರೆಯುತ್ತೇನೆ. ಎರಡೂವರೆ ವರ್ಷದ, 11 ಕಿಲೋ ತೂಕದ ಹುಡುಗ. ಮದುವೆಗೆಂದು ಅಜ್ಜಿ ಟ್ರಂಕಿನಿಂದ ಸೀರೆ ತೆಗೆಯುವಾಗ ಉರುಳಿ ಬಿದ್ದ ಗುಳಿಗೆಯನ್ನು ಪೆಪ್ಪರ್‌ಮೆಂಟ್ ಎಂದು ಬಾಯಿಗೆ ಹಾಕಿಕೊಂಡಿದ್ದ. "ವಿಷ ಇಳೀಲಂತ ಒಂದ್ ಲೋಟ ಹಾಲ ಕುಡಿಸೀನ್ರಿ ಸಾಹೇಬ್ರ," ಎಂದು ಅಜ್ಜಿ ಅಳುತ್ತ ಹೇಳಿದರು. ನಮ್ಮ ಕಡೆ ಯಾವ ವಿಷಕ್ಕೂ ಹಾಲು ಕುಡಿಸುತ್ತಾರೆ, ಆದರೆ ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಹಾಲು, ತುಪ್ಪ, ಎಣ್ಣೆಗಳು ಅದನ್ನು ಬೇಗ ರಕ್ತಕ್ಕೆ ಸೇರಿಸುತ್ತವೆ. ಗಂಟಲಿಗೆ ಬೆರಳು ಹಾಕಿ ಅಥವಾ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಸಲ್ಲದು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಬಾಯಲ್ಲಿ ಕಾಣುವ ಚೂರನ್ನು ತೆಗೆದು, ಬಾಯಿ ಒರೆಸಿ, ಕೈ ತೊಳೆದು, ಉಳಿದ ಗುಳಿಗೆಗಳನ್ನು ಪೊಟ್ಟಣದ ಸಮೇತ ಹಿಡಿದುಕೊಂಡು 108ಕ್ಕೆ ಕರೆ ಮಾಡುವುದು.

ಅಜ್ಜಿ ಸೆರಗಿನಲ್ಲಿ ಎರಡು ಗುಳಿಗೆ ಕಟ್ಟಿಕೊಂಡು ಬಂದದ್ದು ನಮಗೆ ದೊಡ್ಡ ಉಪಕಾರವಾಯಿತು. ಒಂದನ್ನು ನೀರಿಗೆ ಹಾಕಿದಾಗ ಮುಳುಗಿತು. ಕರ್ಪೂರವಾಗಿದ್ದರೆ ತೇಲುತ್ತಿತ್ತು, ಆಗ ನಾವು ಕೂಡಲೇ ಫಿಟ್ಸ್ ಬರುವ ಸಾಧ್ಯತೆಗೆ ಸಿದ್ಧರಾಗಬೇಕಾಗುತ್ತಿತ್ತು. ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಅದೇ ಗುಳಿಗೆ ತೇಲಿತು, ಅದು ನ್ಯಾಫ್ತಲೀನ್ ಎಂಬುದರ ಗುರುತು. ಅಂಗಡಿಯಲ್ಲಿ ಸಿಗುವ ಇನ್ನೊಂದು ಬಗೆಯ ಗುಳಿಗೆ, ಪ್ಯಾರಾಡೈಕ್ಲೋರೋಬೆಂಜೀನ್‌ನದು, ಎರಡರಲ್ಲೂ ಮುಳುಗುತ್ತದೆ ಮತ್ತು ಅಷ್ಟು ಅಪಾಯಕಾರಿಯಲ್ಲ.

ಗುಳಿಗೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ, ಮಗುವೂ ಎಚ್ಚರವಾಗಿದ್ದು ತಾನಾಗಿ ಕುಡಿಯುತ್ತಿತ್ತು. ಆದ್ದರಿಂದ ಸಕ್ರಿಯ ಇದ್ದಿಲಿನ ಪುಡಿಯನ್ನು ಕಿಲೋಗೆ 1 ಗ್ರಾಂ ಲೆಕ್ಕದಲ್ಲಿ 11 ಗ್ರಾಂ ಕೊಟ್ಟೆವು. ಹಿಮೋಗ್ಲೋಬಿನ್ 10.6 ಇತ್ತು. ಅಂದೇ ರಕ್ತದ ಗುಂಪನ್ನೂ ನೋಡಿ ಬರೆದಿಟ್ಟೆ. ಹುಟ್ಟಿದಾಗ ಮಗುವಿಗೆ ಹೆಚ್ಚು ಕಾಮಾಲೆಯಾಗಿತ್ತೇ, ಸೋದರಮಾವನಿಗೆ ಯಾವುದಾದರೂ ಮಾತ್ರೆಯಿಂದ ಮೂತ್ರ ಕಪ್ಪಾಗಿತ್ತೇ ಎಂದು ಕೇಳಿದಾಗ, ತಾಯಿ ಎರಡಕ್ಕೂ ಹೌದೆಂದರು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ಒಂದೇ ಗುಳಿಗೆಯೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಈ ಕೊರತೆ ತಾಯಿಯ ಕಡೆಯಿಂದ ಬಂದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ.

ಎರಡನೆಯ ದಿನ ಹುಡುಗ ವಾರ್ಡಿನಲ್ಲಿ ಓಡಾಡಿಕೊಂಡಿದ್ದ. ತಂದೆ ಡಿಸ್ಚಾರ್ಜ್ ಕೇಳಿದರು, ನಾನು ಒಪ್ಪಲಿಲ್ಲ; ಪ್ರತಿ ಸಲದ ಮೂತ್ರವನ್ನೂ ಬಿಳಿ ಬಟ್ಟಲಿನಲ್ಲಿ ಹಿಡಿದು ತೋರಿಸಲು ಹೇಳಿದೆ. ಮೂರನೆಯ ದಿನ ಬೆಳಗಿನ ಜಾವ ತಾಯಿ ಬಟ್ಟಲು ಹಿಡಿದು ಬಂದರು: "ಡಿಕಾಕ್ಷನ್ ಚಹಾದಂಗ ಕರ್ರಗ ಬಂದದ್ರಿ." ಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ರಕ್ತ ಇದೆಯೆಂದು ತೋರಿಸಿತು, ಆದರೆ ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳೇ ಕಾಣಲಿಲ್ಲ. ಅಂದರೆ ಕಣಗಳು ಮೈಯೊಳಗೇ ಒಡೆದು ಹಿಮೋಗ್ಲೋಬಿನ್ ಸೋರುತ್ತಿತ್ತು. ಅದು 7.8ಕ್ಕೆ ಇಳಿದಿತ್ತು. ಮೂತ್ರಪಿಂಡ ಕಟ್ಟಿಕೊಳ್ಳದಂತೆ ಸಲೈನ್ ಹಚ್ಚಿ, ರಕ್ತದ ಗುಂಪು ನಮೂದಿಸಿದ ಪತ್ರದೊಂದಿಗೆ ಕಲಬುರಗಿಗೆ ಕಳಿಸಿದೆವು. ಅಲ್ಲಿ 6.1ಕ್ಕೆ ಇಳಿದಾಗ 110 ಮಿಲಿಲೀಟರ್ ಕೆಂಪುಕಣಗಳನ್ನು ನಾಲ್ಕು ಗಂಟೆಯಲ್ಲಿ ಏರಿಸಿದರು.

ಈ ಮಗುವಿನಲ್ಲಿ ಆಗದಿದ್ದರೂ ನಾನು ಕಾಯುತ್ತಿದ್ದ ಇನ್ನೊಂದು ತೊಡಕಿದೆ. ಆಮ್ಲಜನಕ ಕೊಟ್ಟರೂ ಬೆರಳಿನ ಯಂತ್ರದ ಅಂಕಿ 85ರ ಆಸುಪಾಸಿನಲ್ಲೇ ನಿಂತು, ತೆಗೆದ ರಕ್ತ ಚಾಕೊಲೇಟ್ ಬಣ್ಣದ್ದಾಗಿದ್ದರೆ ಅದು ಮೆಥಿಮೋಗ್ಲೋಬಿನ್, ಅಂದರೆ ಆಮ್ಲಜನಕ ಹೊರಲಾರದಂತೆ ಕೆಟ್ಟ ಹಿಮೋಗ್ಲೋಬಿನ್. ಅದಕ್ಕೆ ರೂಢಿಯಲ್ಲಿರುವ ಔಷಧ ಮೆಥಿಲೀನ್ ಬ್ಲೂ. ಆದರೆ ಜಿ6ಪಿಡಿ ಕೊರತೆಯಿರುವ ಮಗುವಿಗೆ ಅದು ರಕ್ತಕಣಗಳನ್ನು ಇನ್ನಷ್ಟು ಒಡೆಯುತ್ತದೆ.

ಇಲಿ ಪಾಷಾಣದಲ್ಲಿಯೂ ಮೊದಲ ದಿನವನ್ನು ನಂಬುವಂತಿಲ್ಲ, ಆದರೆ ಅಲ್ಲಿ ಪೊಟ್ಟಣದ ಮೇಲಿನ ಹೆಸರೇ ದಾರಿ ತೋರಿಸುತ್ತದೆ. ಬ್ರೊಮಾಡಿಯೋಲೋನ್ ಬಿಲ್ಲೆಯಾದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು 48 ಗಂಟೆಯ ಹೊತ್ತಿಗೆ ಮಾಡಬೇಕು, ಅದು ಕೆಟ್ಟಿದ್ದರೆ ವಿಟಮಿನ್ ಕೆ1 ಕೊಡಬೇಕು. ಹಳದಿ ರಂಜಕದ ಪೇಸ್ಟ್ ಆದರೆ ಎರಡು ಮೂರು ದಿನ ಸುಮ್ಮನಿದ್ದು ಯಕೃತ್ತನ್ನು ಕೆಡಿಸುತ್ತದೆ. ಸತುವಿನ ಫಾಸ್ಫೈಡ್ ಮಾತ್ರ ಕಾಯುವುದಿಲ್ಲ, ಹೊಟ್ಟೆಯಲ್ಲಿ ವಿಷಾನಿಲವಾಗಿ ಕೆಲವೇ ಗಂಟೆಗಳಲ್ಲಿ ಹೃದಯವನ್ನು ಹಿಡಿಯುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹೆಸರು ತಿಳಿಯದಿದ್ದಾಗ ನಾನು ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ, 1800 116 117ಕ್ಕೆ, ಫೋನ್ ಮಾಡುತ್ತೇನೆ.

ಹುಡುಗ ಒಂಬತ್ತನೆಯ ದಿನ ಮನೆಗೆ ಹೋದ. ಜಿ6ಪಿಡಿ ಪರೀಕ್ಷೆಯನ್ನು ಆಗಲೇ ಮಾಡಿಸಲಿಲ್ಲ, ಏಕೆಂದರೆ ಹಳೆಯ ಕಣಗಳೆಲ್ಲ ಒಡೆದು ಹೊಸವು ಬಂದಿರುವ ಆ ಹೊತ್ತಿನಲ್ಲಿ ಫಲಿತಾಂಶ ಸುಳ್ಳಾಗಿ ಸರಿಯೆಂದು ಬರಬಹುದು. ಮೂರು ತಿಂಗಳ ನಂತರ ಕರೆಸಿ ಮಾಡಿಸಿದಾಗ ಕೊರತೆ ಖಚಿತವಾಯಿತು. ಅವನ ಸೋದರಮಾವನನ್ನೂ ಅದೇ ವಾರ ಕರೆಸಿ ಪರೀಕ್ಷೆ ಮಾಡಿಸಿದೆ.