ಮೆರವಣಿಗೆಗೆ ಅನುಮತಿ ಪತ್ರ: ಮೊದಲು ಬೀದಿ ನಡೆಯಿರಿ, ಆಮೇಲೆ ಪೆನ್ನು ಹಿಡಿಯಿರಿ

ಉತ್ಸವದ ಮೆರವಣಿಗೆಗೆ ಅನುಮತಿ ಕೇಳುವ ಪತ್ರಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಮೆರವಣಿಗೆಯು ಊರಿನ ಪ್ರಮುಖ ಬೀದಿಗಳಲ್ಲಿ ಸಾಗಿ ದೇವಸ್ಥಾನ ತಲುಪಲಿದೆ.’ ಓದಲು ಚೆನ್ನಾಗಿದೆ. ಆದರೆ ಯಾವ ವೃತ್ತದಲ್ಲಿ ಎಷ್ಟು ಹೊತ್ತಿಗೆ ಪೇದೆಯನ್ನು ನಿಲ್ಲಿಸಬೇಕು, ಬಸ್ಸುಗಳನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಲೆಕ್ಕ ಹಾಕುವ ಠಾಣಾಧಿಕಾರಿಗೆ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ಪತ್ರ ಮರಳಿ ಬರುತ್ತದೆ, ಇಲ್ಲವೇ ಉತ್ಸವದ ಹಿಂದಿನ ಸಂಜೆಯವರೆಗೆ ಮೇಜಿನ ಮೇಲೆಯೇ ಉಳಿಯುತ್ತದೆ.

ಆದ್ದರಿಂದ ಪತ್ರದ ಕೆಲಸ ಶುರುವಾಗುವುದು ಕಾಗದದ ಮೇಲಲ್ಲ, ಬೀದಿಯಲ್ಲಿ. ಉತ್ಸವಕ್ಕೆ ಮೂರು ವಾರ ಇರುವಾಗಲೇ ಸಮಿತಿಯ ಇಬ್ಬರು ಗಡಿಯಾರ ಮತ್ತು ನೋಟ್‌ಬುಕ್ ಹಿಡಿದು ಇಡೀ ದಾರಿಯನ್ನು ಒಮ್ಮೆ ನಡೆಯಬೇಕು. ಉತ್ಸವ ಸಂಜೆ ಇದ್ದರೆ ನಡಿಗೆಯೂ ಸಂಜೆಯೇ ಆಗಲಿ. ಬೆಳಗ್ಗೆ ಖಾಲಿ ಕಾಣುವ ಪೇಟೆ ಬೀದಿಯಲ್ಲಿ ಸಂಜೆ ಏಳಕ್ಕೆ ತಳ್ಳುಗಾಡಿ, ಬೈಕುಗಳ ಸಾಲು ಎಲ್ಲವೂ ಇರುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಣ್ಣ ಪಟ್ಟಣ, ದಾರಿಯ ಉದ್ದ 1,800 ಮೀಟರ್, ಟ್ರ್ಯಾಕ್ಟರ್ ಮೇಲೆ ಅಲಂಕರಿಸಿದ ಹೂವಿನ ಪಲ್ಲಕ್ಕಿ, ಮುಂದೆ ಡೊಳ್ಳು ಕುಣಿತ, ಸುಮಾರು 400 ಜನ. ಇಂಥ ಮೆರವಣಿಗೆ ನಿಮಿಷಕ್ಕೆ 30 ಮೀಟರ್ ಸಾಗಿದರೆ ಹೆಚ್ಚು. ಅಂದರೆ ನಡಿಗೆಗೇ ಒಂದು ಗಂಟೆ. ಮನೆ ಬಾಗಿಲ ಮಂಗಳಾರತಿ ಹದಿನಾರು ಕಡೆ, ತಲಾ ಮೂರು ನಿಮಿಷ: ಅದಕ್ಕೆ 48 ನಿಮಿಷ. ಬಸ್ ನಿಲ್ದಾಣದ ವೃತ್ತದಲ್ಲಿ ಡೊಳ್ಳಿನವರ ಪ್ರದರ್ಶನ 15 ನಿಮಿಷ. ಒಟ್ಟು ಎರಡು ಗಂಟೆ ಮೂರು ನಿಮಿಷ. ಸಂಜೆ 6.30ಕ್ಕೆ ಹೊರಟರೆ 8.33 ಆಯಿತು. ಹೆಚ್ಚಿನ ಸಮಿತಿಗಳು ಆರತಿಯ ನಿಮಿಷಗಳನ್ನು ಲೆಕ್ಕಕ್ಕೇ ಹಿಡಿಯದೆ ‘6.30ರಿಂದ 8’ ಎಂದು ಬರೆದುಬಿಡುತ್ತವೆ. ತಡವಾಗುವುದು ಅಲ್ಲಿಯೇ. ಪತ್ರದಲ್ಲಿ ‘9 ಗಂಟೆಯೊಳಗೆ’ ಎಂದು ಬರೆಯಿರಿ, ಅರ್ಧ ಗಂಟೆ ಕೈಯಲ್ಲಿರಲಿ.

ವೃತ್ತದ ಸಮಯವನ್ನು ಇನ್ನೂ ಬಿಡಿಸಿ ಹೇಳಬೇಕು. ಮೆರವಣಿಗೆಗೆ ತಲೆಯೂ ಇದೆ, ಬಾಲವೂ ಇದೆ. ನಾವು ತಲೆ ಮುಟ್ಟುವ ಹೊತ್ತನ್ನು ಬರೆಯುತ್ತೇವೆ, ಸಂಚಾರ ಪೊಲೀಸರಿಗೆ ಬೇಕಾದದ್ದು ಬಾಲ ದಾಟುವ ಹೊತ್ತು. ವೃತ್ತ ದೇವಸ್ಥಾನದಿಂದ 600 ಮೀಟರ್ ದೂರ, ಅದಕ್ಕೆ ಮೊದಲು ಆರು ಆರತಿ ಎಂದಾದರೆ ತಲೆ ಅಲ್ಲಿಗೆ 7.10ರ ಸುಮಾರಿಗೆ ಮುಟ್ಟುತ್ತದೆ. ಡೊಳ್ಳು 7.25ರವರೆಗೆ. ಸಾಲಿನ ಉದ್ದ 150 ಮೀಟರ್ ಇದ್ದರೆ ಅದು ದಾಟಲು ಇನ್ನೈದು ನಿಮಿಷ. ಹಾಗಾಗಿ ಪತ್ರದ ಸಾಲು ಹೀಗಿರಲಿ: ‘ಬಸ್ ನಿಲ್ದಾಣದ ವೃತ್ತದಲ್ಲಿ ಸಂಜೆ 7.10ರಿಂದ 7.30ರವರೆಗೆ ವಾಹನ ಸಂಚಾರಕ್ಕೆ ಅಡಚಣೆಯಾಗಲಿದೆ.’ ಅಡಚಣೆ ಎಂಬ ಪದ ಬಳಸಲು ಸಮಿತಿಯವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ, ಅಧಿಕಾರಿ ಹುಡುಕುವುದೇ ಆ ಸಾಲನ್ನು.

ಇನ್ನು ತಂತಿಗಳ ವಿಷಯ. ನಡೆಯುವಾಗ ತಲೆ ಎತ್ತಿ ನಡೆಯಿರಿ. 2022ರ ಏಪ್ರಿಲ್‌ನಲ್ಲಿ ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡು ಗ್ರಾಮದಲ್ಲಿ ತೇರಿನ ಮೇಲ್ಭಾಗ ಹೈಟೆನ್ಷನ್ ತಂತಿಗೆ ತಗುಲಿ 11 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ರಸ್ತೆಗೆ ಅಡ್ಡಲಾಗಿ ಹಾಯುವ ಸಾಧಾರಣ ವಿದ್ಯುತ್ ತಂತಿ ನಿಯಮದ ಪ್ರಕಾರ 5.8 ಮೀಟರ್, ಅಂದರೆ ಸುಮಾರು 19 ಅಡಿ ಎತ್ತರದಲ್ಲಿರಬೇಕು. ಆದರೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತದೆ, ತಂತಿ ಇದ್ದಲ್ಲೇ ಇರುತ್ತದೆ. ಹೋದ ವರ್ಷ ದಾಟಿತ್ತು ಎಂಬ ಮಾತು ಈ ವರ್ಷಕ್ಕೆ ಆಧಾರವಲ್ಲ.

ಪಲ್ಲಕ್ಕಿಯ ಎತ್ತರವನ್ನು ಎಲ್ಲರೂ ಕಳಸದವರೆಗೆ ಅಳೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಟ್ರೈಲರ್ ನೆಲದಿಂದ 4 ಅಡಿ, ಮಂಟಪ 9 ಅಡಿ, ಕಳಸ 2 ಅಡಿ, ಒಟ್ಟು 15. ನಿಶ್ಚಿಂತೆ ಅನ್ನಿಸುತ್ತದೆ. ಆಮೇಲೆ ಮೇಲೆ ನಿಂತವರು ಸತ್ತಿಗೆ ಎತ್ತಿದಾಗ ಅದು 18 ಅಡಿ ದಾಟುತ್ತದೆ. ತಂತಿಯನ್ನು ಕೋಲಿನಿಂದ ಎತ್ತಿ ಹಿಡಿಯಲು ಒಬ್ಬ ಹುಡುಗನನ್ನು ಮಂಟಪದ ಮೇಲೆ ಕೂರಿಸುವ ಪದ್ಧತಿಯೂ ಹಲವೆಡೆ ಇದೆ, ಅದನ್ನು ಇಂದೇ ಬಿಟ್ಟುಬಿಡಿ. ತಂತಿಯ ಎತ್ತರ ಅಳೆಯಬೇಕಾದವರು ವಿದ್ಯುತ್ ಕಂಪನಿಯ ಲೈನ್‌ಮನ್, ಕೋಲು ಹಿಡಿದ ನಾವಲ್ಲ. ಸತ್ತಿಗೆ ಸಹಿತ ಎತ್ತರವನ್ನು ಬರೆದು, ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಚೇರಿಗೆ ಪ್ರತ್ಯೇಕ ಪತ್ರ ಕೊಟ್ಟು, ಯಾವ ಕಂಬದಿಂದ ಯಾವ ಕಂಬದವರೆಗೆ ಎಷ್ಟು ಹೊತ್ತು ಲೈನ್ ಕ್ಲಿಯರ್, ಅಂದರೆ ತಂತಿಯಲ್ಲಿ ವಿದ್ಯುತ್ ನಿಲುಗಡೆ, ಬೇಕು ಎಂದು ಕೇಳಿ. ಕಂಬದ ಮೇಲೆ ಸಂಖ್ಯೆ ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಈಗ ಪತ್ರ. ಠಾಣೆಯ ಇನ್ಸ್‌ಪೆಕ್ಟರ್‌ಗೆ ಒಂದು, ನಗರಸಭೆಯ ಪೌರಾಯುಕ್ತರಿಗೆ ಅಥವಾ ಪುರಸಭೆಯ ಮುಖ್ಯಾಧಿಕಾರಿಗೆ ಒಂದು. ದಾರಿ ಎರಡು ಠಾಣೆಗಳ ಸರಹದ್ದಿನಲ್ಲಿ ಹಾದರೆ ಎರಡಕ್ಕೂ ಕೊಡಿ. ವಿಷಯ ಒಂದೇ ಆದರೂ ಕೇಳುವುದು ಬೇರೆ: ಪೊಲೀಸರಿಂದ ಅನುಮತಿ ಮತ್ತು ಸಂಚಾರ ವ್ಯವಸ್ಥೆ, ಪುರಸಭೆಯಿಂದ ಗುಂಡಿ ಮುಚ್ಚುವುದು, ಬೀದಿದೀಪ, ಮೆರವಣಿಗೆ ಮುಗಿದ ಮೇಲೆ ಕಸ ತೆಗೆಯುವುದು. ನಡುವಿನ ಭಾಗ ಹೀಗಿರಬಹುದು:

‘ಮಾನ್ಯರೇ, ನಮ್ಮ ದೇವಸ್ಥಾನದ ವಾರ್ಷಿಕ ಉತ್ಸವದ ಮೆರವಣಿಗೆಯು ಸಂಜೆ 6.30ಕ್ಕೆ ದೇವಸ್ಥಾನದಿಂದ ಹೊರಟು ರಥಬೀದಿ, ಹಳೆ ಪೇಟೆ ಬೀದಿ, ಬಸ್ ನಿಲ್ದಾಣದ ವೃತ್ತ, ಆಸ್ಪತ್ರೆ ರಸ್ತೆಯ ಮೂಲಕ ರಾತ್ರಿ 9ರೊಳಗೆ ದೇವಸ್ಥಾನಕ್ಕೆ ಮರಳಲಿದೆ. ಅಂದಾಜು 400 ಜನ ಭಾಗವಹಿಸಲಿದ್ದು, ರಸ್ತೆಯ ಎಡಭಾಗವನ್ನು ಮಾತ್ರ ಬಳಸಲಾಗುವುದು. ಹಸಿರು ಶಾಲು ಧರಿಸಿದ 20 ಸ್ವಯಂಸೇವಕರು ಹಗ್ಗ ಹಿಡಿದು ಸಾಲನ್ನು ಕಾಯುವರು. ಆಂಬುಲೆನ್ಸ್ ಬಂದಲ್ಲಿ ವಾದ್ಯ ನಿಲ್ಲಿಸಿ, ಮೆರವಣಿಗೆಯನ್ನು ಎಡಕ್ಕೆ ಒತ್ತರಿಸಿ ದಾರಿ ಬಿಡಲಾಗುವುದು. ಆಸ್ಪತ್ರೆಯಿಂದ 100 ಮೀಟರ್ ವ್ಯಾಪ್ತಿಯಲ್ಲಿ ವಾದ್ಯ, ಧ್ವನಿವರ್ಧಕ ಬಳಸುವುದಿಲ್ಲ.’

ಕೊನೆಯ ವಾಕ್ಯ ದೊಡ್ಡತನ ತೋರಿಸಲು ಬರೆದದ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ನಿಶ್ಶಬ್ದ ವಲಯವೆಂದು ಘೋಷಿಸುವ ವ್ಯಾಪ್ತಿ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್. ಅದೇ ನಿಯಮದಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಮೆರವಣಿಗೆಗೆ ಅನುಮತಿ ಸಿಕ್ಕಿತೆಂದು ಮೈಕ್‌ಗೂ ಸಿಕ್ಕಿತು ಎಂದುಕೊಳ್ಳಬೇಡಿ, ಅದನ್ನು ಹೆಸರಿಸಿಯೇ ಕೇಳಿ.

ಪತ್ರದ ಕೊನೆಗೆ ಎರಡು ಮೊಬೈಲ್ ಸಂಖ್ಯೆ ಇರಲಿ. ಅಧ್ಯಕ್ಷರದ್ದು ಬೇಡ, ಅವರು ಅಂದು ಗಣ್ಯರಿಗೆ ಹಾರ ಹಾಕುತ್ತಿರುತ್ತಾರೆ, ಫೋನ್ ಎತ್ತುವುದಿಲ್ಲ. ಮೆರವಣಿಗೆಯ ಮುಂದೆ ನಡೆಯುವ ಒಬ್ಬರದು, ಹಿಂದೆ ನಡೆಯುವ ಒಬ್ಬರದು ಸಾಕು. ಕೈಯಿಂದ ಬರೆದ ದಾರಿಯ ನಕ್ಷೆಯನ್ನೂ ಲಗತ್ತಿಸಿ, ವೃತ್ತಗಳ ಪಕ್ಕದಲ್ಲೇ ಹೊತ್ತು ಬರೆಯಿರಿ. ಹದಿನೈದು ದಿನ ಮುಂಚೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.

ಅನುಮತಿ ಆದೇಶ ಬಂದಾಗ ಮೊದಲ ಸಾಲಿಗೆ ಸಂತೋಷಪಟ್ಟು ಮಡಚಿಡಬೇಡಿ, ಅದರ ಕೆಳಗಿರುವ ಷರತ್ತುಗಳನ್ನು ಓದಿ. 9 ಗಂಟೆ ಕೇಳಿದಲ್ಲಿ 8.30 ಎಂದು ಕೊಟ್ಟಿದ್ದರೆ ಲೆಕ್ಕ ಮತ್ತೆ ಮಾಡಬೇಕು. ನಡಿಗೆ ಕಡಿಮೆಯಾಗದು, ಡೊಳ್ಳಿನವರನ್ನು ಹಾಗೇ ಬಿಡೋಣ. ಉಳಿದದ್ದು ಆರತಿ. ಅಕ್ಕಪಕ್ಕದ ಮನೆಗಳ ಆರತಿಯನ್ನು ಒಂದೇ ಕಡೆ ಸೇರಿಸಿ ಹದಿನಾರನ್ನು ಹತ್ತಕ್ಕೆ ಇಳಿಸಿದರೆ 18 ನಿಮಿಷ ಉಳಿಯುತ್ತದೆ, 8.15ಕ್ಕೆ ಪಲ್ಲಕ್ಕಿ ಮರಳುತ್ತದೆ. ಆ ಆರು ಮನೆಗಳಿಗೆ ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ. ಅಂದು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸದೆ ಹೋಗುವ ಚಾಲಕ ಯಾವ ಊರಿನಲ್ಲೂ ಸಿಗುವುದಿಲ್ಲ.