ಶೇಕಡಾಗಳ ಸರಾಸರಿ ತೆಗೆದಿದ್ದಾರಾ? ಹೀಗೆ ಹಿಡಿಯಿರಿ

ಒಂದೇ ಆಡಳಿತ ಮಂಡಳಿಯ ಮೂರು ಹೈಸ್ಕೂಲು ಇವೆ ಅಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲನೇ ಶಾಲೆಯಿಂದ 400 ಮಕ್ಕಳು ಕೂತು 260 ಜನ ಪಾಸಾದರು, ಅಂದರೆ ಶೇ. 65. ಎರಡನೆಯದರಲ್ಲಿ 100ಕ್ಕೆ 80. ಮೂರನೆಯದು ಚಿಕ್ಕ ಶಾಲೆ, ಕೂತವರೇ 10 ಜನ, ಹತ್ತೂ ಜನ ಪಾಸು. ವರದಿಯಲ್ಲಿ ‘ಒಟ್ಟು ಫಲಿತಾಂಶ ಶೇ. 81.67’ ಅಂತ ದಪ್ಪಕ್ಷರದಲ್ಲಿದೆ. ನಂಬೋದಾ?

ಮೊದಲು ಉಲ್ಟಾ ಲೆಕ್ಕ ಹಾಕಿ. ಕೂತವರು ಒಟ್ಟು 510, ಅದರ ಶೇ. 81.67 ಅಂದರೆ ಹತ್ತಿರ ಹತ್ತಿರ 416 ಮಕ್ಕಳು. ಆದರೆ ಪಾಸಾದವರನ್ನು ಕೂಡಿಸಿದರೆ ಬರೋದು 350 ಮಾತ್ರ. ನಿಜವಾದ ಫಲಿತಾಂಶ ಶೇ. 68.63. 65, 80, 100 ಈ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ದಾರೆ, ಹಾಗಾಗಿ 10 ಮಕ್ಕಳ ಶಾಲೆಗೂ 400 ಮಕ್ಕಳ ಶಾಲೆಗೂ ಒಂದೇ ತೂಕ ಸಿಕ್ಕಿದೆ.

ಎಕ್ಸೆಲ್ ಫೈಲ್ ಕೈಯಲ್ಲಿದ್ದರೆ ಒಟ್ಟು ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ ಸೂತ್ರ ನೋಡಿ. B ಕಾಲಂನಲ್ಲಿ ಕೂತವರು, Cಯಲ್ಲಿ ಪಾಸಾದವರು, Dಯಲ್ಲಿ ಶೇಕಡಾ ಇದ್ದರೆ, ಮೊದಲ ಸಾಲು ತಪ್ಪು, ಎರಡನೆಯದು ಸರಿ:

```
=AVERAGE(D2:D4)
=SUM(C2:C4)/SUM(B2:B4)
```

ಸೂತ್ರ ಕಾಣದಿದ್ದರೆ, ಉದಾಹರಣೆಗೆ ಯಾವುದೋ ಡ್ಯಾಶ್‌ಬೋರ್ಡ್ ಆಗಿದ್ದರೆ, ನನಗೆ ಇಷ್ಟವಾದ ಪರೀಕ್ಷೆ ಒಂದಿದೆ: ಎರಡು ಗುಂಪನ್ನು ಸೇರಿಸಿ ಒಂದು ಮಾಡಿ ನೋಡೋದು. ಎರಡನೇ, ಮೂರನೇ ಶಾಲೆ ಸೇರಿದರೆ 110ಕ್ಕೆ 90, ಶೇ. 81.8. ಈಗ ಸಾಲು ಎರಡೇ, 65 ಮತ್ತು 81.8, ಸರಾಸರಿ ದಿಢೀರ್ ಅಂತ 73.4ಕ್ಕೆ ಇಳಿಯುತ್ತದೆ. ಮಕ್ಕಳು ಅವರೇ, ಪಾಸಾದವರೂ ಅವರೇ, ಆದರೂ ಉತ್ತರ ಬದಲಾಯಿತು. ಸರಿಯಾದ ಲೆಕ್ಕದಲ್ಲಿ ಸಾಲುಗಳನ್ನು ಹೇಗೆ ಒಡೆದರೂ, ಕೂಡಿಸಿದರೂ 68.63 ಅಲ್ಲಾಡಲ್ಲ.

ಒಂದು ಹುಷಾರು. ಎಲ್ಲಾ ಶಾಲೆಯಲ್ಲೂ ನೂರು ನೂರು ಮಕ್ಕಳಿರುವ ಸ್ಯಾಂಪಲ್ ಹಾಕಿ ಪರೀಕ್ಷಿಸಿದರೆ ಎರಡೂ ಸೂತ್ರ ಒಂದೇ ಉತ್ತರ ಕೊಡುತ್ತವೆ, ತಪ್ಪು ಸಿಕ್ಕೋದೇ ಇಲ್ಲ. ಬೇಕಂತಲೇ ಒಂದು ದೊಡ್ಡ, ಒಂದು ಪುಟಾಣಿ ಗುಂಪು ಇಟ್ಟು, ಅವುಗಳ ಶೇಕಡಾ ದೂರ ದೂರ ಇರುವ ಹಾಗೆ ಮಾಡಿ.

ಪಾಸಾದವರ ಸಂಖ್ಯೆ ಇಲ್ಲ, ಶೇಕಡಾ ಮತ್ತು ಕೂತವರ ಸಂಖ್ಯೆ ಮಾತ್ರ ಇದೆ ಅಂದರೂ ಸರಿಪಡಿಸಬಹುದು:

```
=SUMPRODUCT(B2:B4,D2:D4)/SUM(B2:B4)
```

ಇಲ್ಲಿ ತೂಕ ಕೊಡಬೇಕಾದ್ದು ಕೂತವರ ಸಂಖ್ಯೆಯಿಂದ, ಅಂದರೆ ಶೇಕಡಾ ತೆಗೆಯುವಾಗ ಕೆಳಗಿದ್ದ ಸಂಖ್ಯೆಯಿಂದ. ಪಾಸಾದವರ ಸಂಖ್ಯೆಯಿಂದ ತೂಕ ಹಾಕಿದರೆ ಮತ್ತೆ ತಪ್ಪೇ.

ಹಾಗಂತ AVERAGE ಕಂಡಲ್ಲೆಲ್ಲಾ ಕೆಂಪು ಗೆರೆ ಎಳೆಯಬೇಡಿ. ‘ನಮ್ಮ ಶಾಲೆಗಳು ಸರಾಸರಿ ಎಷ್ಟು ಫಲಿತಾಂಶ ತರುತ್ತಿವೆ’ ಅನ್ನೋದೇ ಪ್ರಶ್ನೆಯಾದರೆ 81.67 ಸರಿಯಾದ ಉತ್ತರವೇ. ಆದರೆ ಅದನ್ನು ‘ಒಟ್ಟು ಫಲಿತಾಂಶ’ ಅಂತ ಬರೆಯೋ ಹಾಗಿಲ್ಲ, ‘ಶಾಲಾವಾರು ಸರಾಸರಿ’ ಅಂತಲೇ ಬರೆಯಬೇಕು.